ಔಷಧಿ ಅಲರ್ಜಿ ಇದೆ: ಚಿಕಿತ್ಸೆಗೆ ಮೊದಲು ಓದಿ

ಡಾಕ್ಟರ್, ಸಿಸ್ಟರ್, ಮೆಡಿಕಲ್ ಶಾಪಿನವರಿಗೆ,

ನನ್ನ ಹೆಸರು ಗಿರಿಜಮ್ಮ. ವಯಸ್ಸು 56. ದಾವಣಗೆರೆಯ ನಿಟುವಳ್ಳಿಯಲ್ಲಿ ಮನೆ. ನನಗೆ ಪೆನಿಸಿಲಿನ್ ಜಾತಿಯ ಔಷಧಿ ಕೊಡಬೇಡಿ. ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆ, ಇಂಜೆಕ್ಷನ್ ಕೂಡ ಬೇಡ. ನನಗೆ ಮಾತಾಡಲು ಆಗದೇ ಇದ್ದರೆ ಈ ಕಾಗದವೇ ನನ್ನ ಮಾತು.

2016ರಲ್ಲಿ ಹಲ್ಲುನೋವಿಗೆ ಅಮಾಕ್ಸಿಸಿಲಿನ್ 500 ಎಂ.ಜಿ. ಕ್ಯಾಪ್ಸೂಲ್ ನುಂಗಿದೆ. 20 ನಿಮಿಷದೊಳಗೆ ಅಂಗೈ ಕೆರೆತ ಶುರುವಾಯಿತು. ಮೈತುಂಬ ದದ್ದು ಎದ್ದವು, ಗಂಟಲು ಕಟ್ಟಿತು. ಆಟೋದಲ್ಲಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಚ್ಚರ ತಪ್ಪಿತ್ತು. ಮೇಲಿನ ಬಿಪಿ 70ಕ್ಕೆ ಇಳಿದಿತ್ತು. ಅಡ್ರಿನಲಿನ್ ಎರಡು ಸಲ ಕೊಟ್ಟ ಮೇಲೆ ಉಳಿದುಕೊಂಡೆ. ಡಿಸ್ಚಾರ್ಜ್ ಕಾರ್ಡಿನ ಜೆರಾಕ್ಸ್ ಇದರ ಹಿಂದೆ ಪಿನ್ ಮಾಡಿದೆ.

2021ರಲ್ಲಿ ಮಂಡಿನೋವಿಗೆ ಡೈಕ್ಲೋಫೆನಾಕ್ ತಗೊಂಡಾಗ ರೆಪ್ಪೆ, ತುಟಿ ಊದಿದವು. ಮರುವರ್ಷ ಐಬುಪ್ರೊಫೆನ್‌ಗೂ ಹಾಗೇ ಆಯಿತು. ಅದಕ್ಕೇ ಆ ಗುಂಪೇ ಬೇಡ ಎಂದು ನಮ್ಮ ಡಾಕ್ಟರ್ ಹೇಳಿದ್ದಾರೆ.

ಕೊಡಬಾರದ್ದು: ಅಮಾಕ್ಸಿಸಿಲಿನ್ (ಕ್ಲಾವುಲನೇಟ್ ಸೇರಿದ್ದೂ), ಆಂಪಿಸಿಲಿನ್, ಪೈಪೆರಾಸಿಲಿನ್, ಬೆಂಜಥೀನ್ ಪೆನಿಸಿಲಿನ್. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಕೀಟೊರೊಲಾಕ್, ಆಸ್ಪಿರಿನ್. ಸೆಫಲೆಕ್ಸಿನ್, ಸೆಫಾಡ್ರಾಕ್ಸಿಲ್ ಕೂಡ ಬೇಡ, ಅವು ಅಮಾಕ್ಸಿಸಿಲಿನ್‌ಗೆ ಹತ್ತಿರದವು. ಬೇರೆ ಸೆಫಲೋಸ್ಪೊರಿನ್ ಕೊಡಲೇಬೇಕಾದರೆ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರ್ ನೋಡಿ ತೀರ್ಮಾನಿಸಲಿ.

ಮೆಡಿಕಲ್ ಶಾಪಿನವರಲ್ಲಿ ಒಂದು ಮಾತು. ಕಂಪನಿ ಹೆಸರು ನೋಡಿ ಕೊಡಬೇಡಿ, ಸ್ಟ್ರಿಪ್ಪಿನ ಸಣ್ಣ ಅಕ್ಷರ ಓದಿ. ನನಗೆ 2021ರಲ್ಲಿ ಕೊಟ್ಟ ಮಾತ್ರೆ ಪ್ಯಾರಾಸಿಟಮಾಲ್ ಜೊತೆ ಡೈಕ್ಲೋಫೆನಾಕ್ ಸೇರಿದ್ದು. ಬರೀ ಜ್ವರದ ಮಾತ್ರೆ ಅಂದುಕೊಂಡು ನುಂಗಿದ್ದೆ.

ಇಷ್ಟು ವರ್ಷ ಆಯಿತಲ್ಲ, ಅಲರ್ಜಿ ಹೋಗಿರಬಹುದು ಎಂದು ಕೆಲವರು ಹೇಳುತ್ತಾರೆ. ಪೆನಿಸಿಲಿನ್ ಅಲರ್ಜಿ ಕೆಲವರಿಗೆ ಹೋಗುವುದು ನಿಜ. ಆದರೆ ಅದನ್ನು ಅಲರ್ಜಿ ತಜ್ಞರು ಪರೀಕ್ಷೆ ಮಾಡಿ ಹೇಳಬೇಕು. ದಯವಿಟ್ಟು ಕ್ಲಿನಿಕ್‌ನಲ್ಲಿ ಟೆಸ್ಟ್ ಡೋಸ್ ಕೊಟ್ಟು ನೋಡಬೇಡಿ.

ಪ್ಯಾರಾಸಿಟಮಾಲ್ 500, ಅಜಿತ್ರೊಮೈಸಿನ್, ಸೆಟಿರಿಜಿನ್ ಒಗ್ಗಿವೆ. ಮೆಟ್ರೊನಿಡಜೋಲ್‌ನಿಂದ ಬಾಯಿ ಕಹಿ, ವಾಕರಿಕೆ ಬಂದಿತ್ತು. ಅದು ಅಲರ್ಜಿ ಅಲ್ಲ, ಬೇಕಾದರೆ ಕೊಡಿ. ಬಿಪಿಗೆ ದಿನಾ ಅಮ್ಲೋಡಿಪಿನ್ 5 ಎಂ.ಜಿ. ತಗೊಳ್ತೇನೆ.

ಉಸಿರು ಕಟ್ಟಿದರೆ, ಎಚ್ಚರ ತಪ್ಪುವ ಹಾಗಾದರೆ, ಮೊದಲು ಅಡ್ರಿನಲಿನ್: ಸಾವಿರಕ್ಕೊಂದರ ದ್ರಾವಣ 0.5 ಎಂ.ಎಲ್., ತೊಡೆಯ ಹೊರಭಾಗದ ಸ್ನಾಯುವಿಗೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಸಲ. ಅವಿಲ್, ಹೈಡ್ರೊಕಾರ್ಟಿಸೋನ್ ಆಮೇಲೆ. ಕಾಲು ಎತ್ತರಿಸಿ ಮಲಗಿಸಿ, ಎಬ್ಬಿಸಿ ನಡೆಸಬೇಡಿ. ದಾರಿಯಲ್ಲಿ ಸಿಕ್ಕವರು 108ಕ್ಕೆ ಫೋನ್ ಮಾಡಿ.

ತಿಳಿಸಬೇಕಾದವರು: ಮಗ ಮಂಜುನಾಥ, ದಾವಣಗೆರೆಯಲ್ಲೇ ಇದ್ದಾನೆ. ಮಗಳು ಸವಿತಾ, ಚಿತ್ರದುರ್ಗ. ನನ್ನ ಫೋನ್ ಲಾಕ್ ಆಗಿದ್ದರೂ "ಎಮರ್ಜೆನ್ಸಿ" ಒತ್ತಿದರೆ ಇಬ್ಬರ ನಂಬರ್ ಬರುತ್ತದೆ. ನಮ್ಮ ಡಾಕ್ಟರ್ ನಂಬರ್ ಮಂಜುನ ಹತ್ತಿರ ಇದೆ. ಅವನು ಫೋನ್ ಎತ್ತದಿದ್ದರೆ ಸವಿತಾಗೆ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಾನು ಹೇಳಿದ್ದನ್ನು ಸವಿತಾ ಬರೆದಿದ್ದಾಳೆ. ಡಾಕ್ಟರ್ ಓದಿ ನೋಡಿದ್ದಾರೆ.

ಗಿರಿಜಮ್ಮ
ದಾವಣಗೆರೆ, 12-01-2025