ಮಾಮಾ, ಸ್ನೇಹಾಳ ಫೀಸಿನ ವಿಷಯ

ಡೊಂಬಿವಲಿ
ಭಾನುವಾರ

ಪ್ರೀತಿಯ ಮಾಮಾ,

ನಿಮಗೂ ಅತ್ತೆಗೂ ನಮಸ್ಕಾರ. ಸ್ನೇಹಾಗೆ ಇಂಜಿನಿಯರಿಂಗ್ ಸೀಟ್ ಸಿಕ್ಕಿತು ಅಂತ ಅವ್ವ ನಮ್ಮ ಬಿಲ್ಡಿಂಗಿನ ಮನೆಮನೆಗೂ ಪೇಡಾ ಹಂಚಿ ಬಂದಳು. ತವರಿನ ಕಡೆ ಇಷ್ಟು ಓದುವ ಮೊದಲ ಹುಡುಗಿ ಅವಳೇ ಅಲ್ವಾ. ನನಗೂ ತುಂಬಾ ಹೆಮ್ಮೆ ಆಗಿದೆ.

ಮೊನ್ನೆ ನೀವು ಫೋನಿನಲ್ಲಿ ನಾಲ್ಕು ಲಕ್ಷ ಸಾಲ ಕೇಳಿದಾಗ, ಸವಿತಾ ಜೊತೆ ಮಾತಾಡಿ ತಿಳಿಸುತ್ತೇನೆ ಅಂದಿದ್ದೆ. ಇಬ್ಬರೂ ಕೂತು ಮಾತಾಡಿದೆವು. ಸಾಲ ಕೊಡಲು ನಮ್ಮಿಂದ ಆಗುವುದಿಲ್ಲ ಮಾಮಾ. ಅವಳು ಬೇಡ ಅಂದಳು, ನಾನು ಸುಮ್ಮನಾದೆ ಅಂತ ದಯವಿಟ್ಟು ತಿಳಿಯಬೇಡಿ. ಇಬ್ಬರ ಅಭಿಪ್ರಾಯವೂ ಒಂದೇ. ಮುಂದಿನ ವಾರ ನೋಡೋಣ, ಆಮೇಲೆ ನೋಡೋಣ ಅಂತ ಎಳೆಯುತ್ತಾ ಹೋದರೆ ನೀವು ಬೇರೆ ದಾರಿ ನೋಡಿಕೊಳ್ಳುವ ಹೊತ್ತಿಗೆ ಅಡ್ಮಿಷನ್ ದಿನ ಮುಗಿದಿರುತ್ತದೆ. ಅದಕ್ಕೇ ಇವತ್ತೇ ಬರೆದು ತಿಳಿಸುತ್ತಿದ್ದೇನೆ.

ನಿಮ್ಮ ಹತ್ತಿರ ನಾನು ಸುಳ್ಳು ಹೇಳುವುದಿಲ್ಲ. ಬ್ಯಾಂಕಿನಲ್ಲಿ ಎಫ್‌ಡಿ ಇದೆ. ಅದು ಅವ್ವನ ಮೊಣಕಾಲಿನ ಆಪರೇಷನ್‌ಗೆ ಇಟ್ಟದ್ದು. ದೀಪಾವಳಿ ಮುಗಿದ ಮೇಲೆ ಒಂದು ಕಾಲು, ಅದು ಸರಿಯಾದ ಮೇಲೆ ಇನ್ನೊಂದು ಮಾಡೋಣ ಅಂತ ಡಾಕ್ಟರ್ ಹೇಳಿದ್ದಾರೆ. ಮನೆ ಸಾಲದ ಕಂತು ತಿಂಗಳಿಗೆ 34,000 ರೂಪಾಯಿ ಹೋಗುತ್ತದೆ. ಅದಾದ ಮೇಲೆ ಉಳಿಯುವುದು ಮನೆ ಖರ್ಚಿಗೆ ಸರಿ ಆಗುತ್ತದೆ, ಅಷ್ಟೇ.

ಆದರೆ ಅವ್ವನ ಆಪರೇಷನ್ ಇಲ್ಲದಿದ್ದರೂ ಬಹುಶಃ ನಾನು ಇದನ್ನೇ ಬರೆಯುತ್ತಿದ್ದೆ. ಅಪ್ಪ ಮತ್ತು ದೊಡ್ಡಪ್ಪನ ನಡುವೆ ಏನಾಯಿತು ಅಂತ ನೀವು ಹತ್ತಿರದಿಂದ ನೋಡಿದ್ದೀರಿ. ಇಬ್ಬರೂ ಒಳ್ಳೆಯವರು. ದೊಡ್ಡಪ್ಪ ಮೋಸ ಮಾಡಬೇಕು ಅಂತ ಅಪ್ಪನ ಹತ್ತಿರ ಸಾಲ ತೆಗೆದುಕೊಂಡವರಲ್ಲ, ಅಪ್ಪ ಬಾಯಿ ಬಿಟ್ಟು ಕೇಳಿದವರೂ ಅಲ್ಲ. ಕೊಡಲಾಗದ ಸಂಕೋಚಕ್ಕೆ ಅವರು ಮನೆಗೆ ಬರುವುದು ಬಿಟ್ಟರು. ಬರಲಿಲ್ಲ ಅಂತ ಇವರು ಬೇಜಾರು ಮಾಡಿಕೊಂಡರು. ಅಕ್ಕನ ಮದುವೆಯಲ್ಲಿ ದೊಡ್ಡಪ್ಪ ಅಕ್ಷತೆ ಹಾಕಿ, ಊಟಕ್ಕೂ ಕೂರದೆ ಹೋದದ್ದು ನನಗೆ ಇನ್ನೂ ನೆನಪಿದೆ. ನೀವೇ ಹಿಂದೆ ಓಡಿಹೋಗಿ ಕರೆದಿರಿ. ಅವರು ತಿರುಗಿ ಬರಲಿಲ್ಲ. ಮುಂದೆ ನಿಮ್ಮ ಮಳೆಗಾಲದ ತಿಂಗಳುಗಳಲ್ಲಿ, ವೆಲ್ಡಿಂಗ್ ಕೆಲಸ ಕಡಿಮೆ ಇರುವಾಗ, ನನ್ನ ಫೋನ್ ಬಂದರೆ ನೀವು ಎತ್ತಲು ಹಿಂಜರಿಯುವ ಹಾಗೆ ಆಗಬಾರದು. ಅದೊಂದು ಆದರೆ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ನಾನು ಡಿಪ್ಲೊಮಾ ಓದುವಾಗ ತಿಂಗಳು ತಿಂಗಳು ನೀವು ಮನಿಯಾರ್ಡರ್ ಕಳಿಸುತ್ತಿದ್ದಿರಿ. ಆಗ ನಿಮಗೆ ಸ್ವಂತ ಅಂಗಡಿಯೂ ಇರಲಿಲ್ಲ, ಬೇರೆಯವರ ಹತ್ತಿರ ಕೂಲಿಗೆ ಇದ್ದಿರಿ. ಅದನ್ನು ನೀವು ಲೆಕ್ಕ ಬರೆದು ಇಡಲಿಲ್ಲ, ಒಂದು ದಿನವೂ ಎತ್ತಿ ಆಡಲಿಲ್ಲ. ಮೊನ್ನೆ ಫೋನಿನಲ್ಲೂ ಆ ಮಾತು ತೆಗೆಯಲಿಲ್ಲ. ನಿಮ್ಮ ದೊಡ್ಡತನ ಅದು. ನೀವು ಕೊಟ್ಟ ಹಾಗೆಯೇ ನಾನೂ ಕೊಡಬೇಕು ಅಂತ ಇದೆ. ಸ್ನೇಹಾಳ ಓದಿಗೆ ಅಂತ 40,000 ರೂಪಾಯಿ ನಾಳೆ ನಿಮ್ಮ ಖಾತೆಗೆ ಹಾಕುತ್ತೇನೆ. ಇದು ಸಾಲ ಅಲ್ಲ, ವಾಪಸ್ ಕೊಡುವ ಮಾತು ಬೇಡ. ನಾಲ್ಕು ಲಕ್ಷದ ಮುಂದೆ ಇದು ಚಿಕ್ಕದು ಅಂತ ಗೊತ್ತು. ಮನಸ್ಸು ತುಂಬಿ ಕೊಡುತ್ತಿದ್ದೇನೆ, ಬೇಡ ಅನ್ನಬೇಡಿ.

ಇನ್ನು ಉಳಿದ ದುಡ್ಡಿನ ಬಗ್ಗೆ. ನೀವು ಕೇಳಿದ್ದು ನಾಲ್ಕು ವರ್ಷದ ಒಟ್ಟು ಫೀಸು. ಅಷ್ಟೂ ಈಗಲೇ ಬೇಕಾಗಿಲ್ಲ, ಈಗ ಕಟ್ಟಬೇಕಾದದ್ದು ಮೊದಲ ವರ್ಷದ್ದು ಮಾತ್ರ. ಬ್ಯಾಂಕಿನ ಶಿಕ್ಷಣ ಸಾಲ ನಡೆಯುವುದೂ ಹೀಗೆಯೇ. ವರ್ಷ ವರ್ಷದ ಫೀಸನ್ನು ಬ್ಯಾಂಕೇ ನೇರವಾಗಿ ಕಾಲೇಜಿಗೆ ಕಟ್ಟುತ್ತದೆ. ನಾಲ್ಕು ಲಕ್ಷದವರೆಗೆ ಮನೆಯನ್ನೋ ಹೊಲವನ್ನೋ ಅಡ ಇಡಬೇಕಾಗಿಲ್ಲ. ಸ್ನೇಹಾ ಹೆಸರಿನ ಜೊತೆ ತಂದೆಯಾಗಿ ನೀವು ಸಹಿ ಹಾಕಿದರೆ ಆಯಿತು. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷ ಆದ ಮೇಲೆ. ಅಷ್ಟರಲ್ಲಿ ಅವಳಿಗೆ ಕೆಲಸ ಸಿಕ್ಕಿರುತ್ತದೆ. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇದ್ದರೆ, ಓದುವ ಕಾಲದ ಬಡ್ಡಿಗೆ ಕೇಂದ್ರ ಸರ್ಕಾರದ ಸಹಾಯವೂ ಇದೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಸ್ವಲ್ಪ ಕಡಿಮೆ ಮಾಡುವ ಬ್ಯಾಂಕುಗಳೂ ಇವೆ. ಅದನ್ನು ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳುವುದಿಲ್ಲ.

ಬ್ಯಾಂಕಿಗೆ ಹೋಗುವ ಮೊದಲು ಇನ್ನೊಂದು ನೋಡಿ. ಗೋವಾ ಸರ್ಕಾರದ ಶಿಕ್ಷಣ ಅಭಿವೃದ್ಧಿ ನಿಗಮ ಬಡ್ಡಿಯಿಲ್ಲದ ಶಿಕ್ಷಣ ಸಾಲ ಕೊಡುತ್ತದೆ. ಅದಕ್ಕೆ ಗೋವಾದಲ್ಲಿ 15 ವರ್ಷ ಇದ್ದ ದಾಖಲೆ ಕೇಳುತ್ತಾರೆ. ಸ್ನೇಹಾ ಹುಟ್ಟಿದ್ದೇ ವಾಸ್ಕೋದಲ್ಲಿ, ಶಾಲೆ ಕಲಿತದ್ದೂ ಅಲ್ಲೇ. ಅವಳ ಶಾಲೆಯ ಸರ್ಟಿಫಿಕೇಟುಗಳು, ನಿಮ್ಮ ರೇಷನ್ ಕಾರ್ಡು ಎಲ್ಲಾ ಒಂದು ಫೈಲಿನಲ್ಲಿ ಹಾಕಿಡಲು ಹೇಳಿ. ನಾವು ಕನ್ನಡದವರು, ನಮಗೆ ಯಾರು ಕೊಡುತ್ತಾರೆ ಅಂತ ನೀವು ಮೊದಲೇ ಅಂದುಕೊಳ್ಳಬೇಡಿ. ಇಷ್ಟು ವರ್ಷ ಆ ಊರಿನ ಗೇಟು, ಗ್ರಿಲ್ಲು ಮಾಡಿಕೊಟ್ಟವರು ನೀವು. ನಿಮ್ಮ ಮಗಳಿಗೆ ಅರ್ಜಿ ಹಾಕುವ ಹಕ್ಕು ಖಂಡಿತ ಇದೆ.

ಒಂದು ಮಾತಿಗೆ ಮಾತ್ರ ನನಗೆ ಭಯ ಆಯಿತು. ಎಲ್ಲೂ ಆಗದಿದ್ದರೆ ಮೂರು ರೂಪಾಯಿ ಬಡ್ಡಿಗೆ ಕೊಡುವವರು ಒಬ್ಬರಿದ್ದಾರೆ ಅಂದಿರಲ್ಲ, ದಯವಿಟ್ಟು ಆ ಕಡೆ ಹೋಗಬೇಡಿ ಮಾಮಾ. ನೂರಕ್ಕೆ ಮೂರು ಅನ್ನುವುದು ತಿಂಗಳ ಲೆಕ್ಕ. ವರ್ಷಕ್ಕೆ 36 ಆಯಿತು. ನಾಲ್ಕು ಲಕ್ಷಕ್ಕೆ ಪ್ರತಿ ತಿಂಗಳು 12,000 ಬರೀ ಬಡ್ಡಿ, ಅಸಲು ಹಾಗೇ ನಿಂತಿರುತ್ತದೆ. ಮೂರು ವರ್ಷ ತಪ್ಪದೆ ಕಟ್ಟಿದರೆ 4,32,000 ಕೊಟ್ಟಿರುತ್ತೀರಿ, ಆದರೂ ನಾಲ್ಕು ಲಕ್ಷ ಬಾಕಿ ಇರುತ್ತದೆ. ಮಳೆಗಾಲದಲ್ಲಿ ಎರಡು ತಿಂಗಳು ತಪ್ಪಿದರೆ ಅಂಗಡಿಯ ಮುಂದೆ ಬಂದು ನಿಲ್ಲುತ್ತಾರೆ. ಬ್ಯಾಂಕಿನ ಫಾರ್ಮು ಉದ್ದ ಇರುತ್ತದೆ, ಎರಡು ಮೂರು ಸಲ ಓಡಾಡಿಸುತ್ತಾರೆ, ನಿಜ. ಆದರೂ ಅದೇ ಸರಿ.

ಬ್ಯಾಂಕ್ ಸಾಲ ಕೈಗೆ ಬರಲು ಕೆಲವು ವಾರ ಹಿಡಿಯಬಹುದು. ಅಲ್ಲಿಯವರೆಗೆ ಸೀಟು ಉಳಿಯಬೇಕಲ್ಲ. ನಾನು ಕಳಿಸುವ ದುಡ್ಡನ್ನು ಮೊದಲ ಕಂತಾಗಿ ಕಟ್ಟಿ, ಉಳಿದದ್ದಕ್ಕೆ ಸಮಯ ಕೊಡಿ ಅಂತ ಕಾಲೇಜಿನ ಆಫೀಸಿನಲ್ಲಿ ಅರ್ಜಿ ಕೊಡಿ. ಅರ್ಜಿಯನ್ನು ನಾನು ಬರೆದು ಸ್ನೇಹಾಗೆ ಕಳಿಸುತ್ತೇನೆ. ಬ್ಯಾಂಕಿನ ಫಾರ್ಮನ್ನೂ ವಿಡಿಯೊ ಕಾಲ್‌ನಲ್ಲಿ ಅವಳ ಜೊತೆ ಕೂತು ತುಂಬಿಸುತ್ತೇನೆ. ಬೇಕಾದರೆ ಒಂದು ಶನಿವಾರ ರಜೆ ಹಾಕಿ ಅಲ್ಲಿಗೇ ಬರುತ್ತೇನೆ.

ನೀವು ಸಾಲ ಕೇಳಿದ್ದು ಅವ್ವನಿಗೆ ಗೊತ್ತಿಲ್ಲ, ನಾವು ಹೇಳುವುದೂ ಇಲ್ಲ. ಅವಳು ಆಗಲೇ ಪಂಚಮಿಯ ಲೆಕ್ಕ ಹಾಕುತ್ತಿದ್ದಾಳೆ. ಅಣ್ಣ ಕರೆಯಲು ಬರುತ್ತಾನೆ ಅಂತ ಉಂಡಿಗೆ ಎಳ್ಳು, ಶೇಂಗಾ ತಂದಿಟ್ಟಿದ್ದಾಳೆ. ಮಾಮಾ, ಈ ಪತ್ರ ಓದಿ ನಿಮಗೆ ನೋವಾಗಬಹುದು. ಆದರೂ ಬರುವುದನ್ನು ಮಾತ್ರ ತಪ್ಪಿಸಬೇಡಿ. ಠಾಣೆ ಸ್ಟೇಷನ್ನಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಅವ್ವನಿಗೂ ನಿಮಗೂ ಕೊಂಕಣ ಕನ್ಯಾದಲ್ಲಿ ಮಡಗಾಂವ್‌ಗೆ ಕೆಳಗಿನ ಬರ್ತ್‌ಗಳನ್ನು ಬುಕ್ ಮಾಡುತ್ತೇನೆ. ಅವಳಿಗೆ ಮೇಲೆ ಹತ್ತಲು ಆಗುವುದಿಲ್ಲ.

ನನಗೆ ಬೈಯಬೇಕು ಅನಿಸಿದರೆ ಫೋನ್ ಮಾಡಿ ಬೈಯಿರಿ, ಕೇಳುತ್ತೇನೆ. ಬುಧವಾರ ರಾತ್ರಿ ಒಂಬತ್ತಕ್ಕೆ ನಾನು ಸ್ನೇಹಾಗೆ ಕಾಲ್ ಮಾಡುತ್ತೇನೆ. ಅಡ್ಮಿಷನ್ ಲೆಟರು, ಫೀಸಿನ ಚೀಟಿ, ಹನ್ನೆರಡನೆಯ ಕ್ಲಾಸಿನ ಮಾರ್ಕ್ಸ್ ಕಾರ್ಡು, ನಿಮ್ಮಿಬ್ಬರ ಆಧಾರ್ ಮತ್ತು ಪ್ಯಾನ್ ಕಾರ್ಡು ಹತ್ತಿರ ಇಟ್ಟುಕೊಂಡಿರಲಿ.

ನಿಮ್ಮ ಅಳಿಯ,
ಮಹೇಶ