ಕರೆಂಟು ಹೋದ ಓವರು

2024ರ ಜೂನ್ 29ರ ರಾತ್ರಿ, ಟಿ20 ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಕ್ಕೆ ಕೊನೆಯ ಓವರಿನಲ್ಲಿ 16 ರನ್ ಬೇಕು ಅನ್ನುವಾಗ ತೀರ್ಥಹಳ್ಳಿ ಪೇಟೆಯಂಚಿನ ಸುಹಾಸನ ಮನೆಯಲ್ಲಿ ಕರೆಂಟು ಹೋಯಿತು. ಮಿಲ್ಲರ್ ಎತ್ತಿ ಹೊಡೆದದ್ದು, ಸೂರ್ಯಕುಮಾರ್ ಗೆರೆಯಂಚಲ್ಲಿ ಹಿಡಿದು, ಚೆಂಡು ಮೇಲೆಸೆದು, ಹೊರಗೆ ಹೋಗಿ ಬಂದು ಮತ್ತೆ ಹಿಡಿದದ್ದು ಯಾವುದನ್ನೂ ಅವನು ಕಾಣಲಿಲ್ಲ.

ಬೆಳಿಗ್ಗೆ ಅಪ್ಪಯ್ಯನ ಫೋನು ಹಿಡಿದು ಅಂಗಳದ ಮೂಲೆಗೆ ಹೋದ. ಸಿಗ್ನಲ್ ಸಿಗುವುದು ಅಲ್ಲೇ, ಅದೂ ಮಳೆ ಬಿಟ್ಟಾಗ ಮಾತ್ರ. ವಿಡಿಯೊ ಉಳಿಸಿಕೊಳ್ಳಬೇಕು. ಹುಡುಕಿದಾಗ ಮೊದಲು ಬಂದ ಪುಟದಲ್ಲಿ ದೊಡ್ಡ ಹಸಿರು ಗುಂಡಿ; ಒತ್ತಿದರೆ ವಿಡಿಯೊ ಬರಲಿಲ್ಲ, `HD_Saver.apk` ಬಂತು. ಅಪರಿಚಿತ ಮೂಲದ ಆ್ಯಪ್ ಅಪಾಯ ಎಂದು ಫೋನು ಎಚ್ಚರಿಸಿತು. ಅನುಮತಿ ಕೊಟ್ಟ. ಆಮೇಲೆ ಎಸ್ಸೆಮ್ಮೆಸ್ ಓದಲು, ನೋಟಿಫಿಕೇಶನ್ ನೋಡಲು, ಡಿವೈಸ್ ಅಡ್ಮಿನ್ ಆಗಲು ಕೇಳಿತು. ಕ್ರಿಕೆಟ್ ತುಣುಕು ಇಳಿಸಲು ಇವೊಂದೂ ಬೇಕಾಗಿಲ್ಲ. ಮೂರಕ್ಕೂ ಸರಿ ಎಂದ. ಕೊನೆಗೆ, ‘ವಯಸ್ಸು ಖಚಿತಪಡಿಸಲು 1 ರೂಪಾಯಿ’. ಅಪ್ಪಯ್ಯನ ಡೆಬಿಟ್ ಕಾರ್ಡಿನ ಮುಂದಿನ ನಂಬರು, ಹಿಂದಿನ ಮೂರಂಕಿ, ಎರಡನ್ನೂ ಹಾಕಿದ.

99 ಪರ್ಸೆಂಟಿನಲ್ಲಿ ಚಕ್ರ ತಿರುಗುತ್ತಲೇ ಇತ್ತು. ಆ್ಯಪಿನ ಐಕಾನೂ ಮಾಯ. ಆಗ ಪರದೆಯ ಮೇಲೆ ಏನೋ ಮಿಂಚಿ ಅಳಿಯಿತು. ಇನ್‌ಬಾಕ್ಸ್ ತೆರೆದ. ಎರಡು ಒಟಿಪಿ, ಎರಡು ಡೆಬಿಟ್. ಹನ್ನೆರಡು ಹನ್ನೆರಡು ಸಾವಿರ. ಅಡಿಕೆಗೆ ಹೊಡೆಯುವ ಮೈಲುತುತ್ತಕ್ಕೆ, ಔಷಧಿ ಹೊಡೆಯುವವರ ಕೂಲಿಗೆ ಇಟ್ಟ ದುಡ್ಡು.

ಕೊಟ್ಟಿಗೆ ಬಾಗಿಲಲ್ಲಿ ಐದು ನಿಮಿಷ ನಿಂತ. ಒಳಗೆ ಹೋಗಿ ಹೇಳಿದ.

ಅಪ್ಪಯ್ಯ ಬೈಯಲಿಲ್ಲ. “ಎಷ್ಟು ಹೊತ್ತಾಯ್ತಾ?” ಎಂದರು.

“ಹತ್ತು ನಿಮಿಷ.”

ಪಕ್ಕದ ಮನೆಯ ವೀಣಕ್ಕ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದಳು, ಇನ್ನೊಂದು ಒಟಿಪಿ ಹೊರಗೆ ಹೋಗದಿರಲಿ ಎಂದು. ತನ್ನ ಫೋನಿನಿಂದ ಮೊದಲು ಬ್ಯಾಂಕಿನವರಿಗೆ ಹೇಳಿ ಕಾರ್ಡು ಬ್ಲಾಕ್ ಮಾಡಿಸಿದಳು, ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದಳು. ಅವರು ಕೇಳಿದ್ದು ಖಾತೆ ನಂಬರು, ಎರಡೂ ವ್ಯವಹಾರದ ಐಡಿ, ಮೊತ್ತ, ಹೊತ್ತು. ಸುಹಾಸ ಇನ್‌ಬಾಕ್ಸ್ ನೋಡಿ ಓದಿದ. ದನಿ ನಡುಗಿತು, ಅಂಕಿ ತಪ್ಪಲಿಲ್ಲ. ಬಂದ ದೂರಿನ ನಂಬರನ್ನು ಅಪ್ಪಯ್ಯ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. cybercrime.gov.in ನಲ್ಲಿ ಮೆಸೇಜುಗಳ ಫೋಟೊ ಸೇರಿಸಿ ದೂರು ಪೂರ್ತಿ ಮಾಡಿದರು.

ಆ್ಯಪ್ ತೆಗೆಯಲು ಹೋದರೆ ಅನ್‌ಇನ್‌ಸ್ಟಾಲ್ ಗುಂಡಿ ಮಂಕಾಗಿತ್ತು. ವೀಣಕ್ಕ ಸೇಫ್ ಮೋಡಿನಲ್ಲಿ ಫೋನು ಆನ್ ಮಾಡಿ, ಡಿವೈಸ್ ಅಡ್ಮಿನ್ ಪಟ್ಟಿಯಲ್ಲಿ ಅದರ ಗುರುತು ತೆಗೆದಳು. ಆಗ ಹೋಯಿತು.

ಒಂದು ಹನ್ನೆರಡು ಸಾವಿರವನ್ನು ತಡೆಹಿಡಿದಿದ್ದಾರೆ ಎಂದು ಎರಡು ದಿನದ ಮೇಲೆ ತಿಳಿಯಿತು. ಇನ್ನೊಂದು ಹೋಗಿತ್ತು. ಆ ವಾರ ಕೂಲಿಯವರು ಒಬ್ಬರೇ ಬಂದರು. ಬ್ಯಾರಲ್ಲಿನಲ್ಲಿ ಸುಣ್ಣ ಕದಡುವ ಕೋಲನ್ನು ಸುಹಾಸ ತಾನಾಗಿ ಕೈಗೆ ತೆಗೆದುಕೊಂಡ.