ಹಕ್ಕು ಕಾಯ್ದಿರಿಸಿಕೊಂಡು ಕೊಡುವ ಲೆಕ್ಕ ಚುಕ್ತಾ ರಸೀದಿ

ದಿನಾಂಕ: 16 ಡಿಸೆಂಬರ್ 2024

ಇವರಿಂದ: ಟೋಕನ್ ಸಂಖ್ಯೆ 318, ಸಿಎನ್‌ಸಿ ಆಪರೇಟರ್, ಮಷೀನ್ ಶಾಪ್ (ಸೇವೆ 3 ಜೂನ್ 2013ರಿಂದ 31 ಅಕ್ಟೋಬರ್ 2024ರವರೆಗೆ)

ಇವರಿಗೆ: ಎಚ್‌ಆರ್ ಮ್ಯಾನೇಜರ್
ಪ್ರತಿ: ಅಕೌಂಟ್ಸ್ ವಿಭಾಗ

ವಿಷಯ: 9 ಡಿಸೆಂಬರ್ 2024ರ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಲೆಕ್ಕದ ಪ್ರಕಾರ ₹1,34,048 ಪಡೆದಿರುವುದಕ್ಕೆ ರಸೀದಿ. ತಕರಾರಿರುವ ಬಾಕಿಗಳ ಮೇಲಿನ ನನ್ನ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

ಮಾನ್ಯರೇ,

ನೀವು ಇಂದು ಕೊಟ್ಟ ₹1,34,048ರ ಚೆಕ್ ನನ್ನ ಕೈ ಸೇರಿದೆ. ಈ ಹಣ ನನಗೆ ಬೇಕು, ತೆಗೆದುಕೊಳ್ಳುತ್ತಿದ್ದೇನೆ. ಕೆಲಸ ಬಿಟ್ಟು ಒಂದೂವರೆ ತಿಂಗಳಾಗಿದೆ, ಮನೆ ನಡೆಯಬೇಕಲ್ವಾ? ಆದರೆ ನಿಮ್ಮ ಲೆಕ್ಕದಲ್ಲಿ ಕೆಲವು ವಿಷಯ ಸರಿಯಿಲ್ಲ. ಅವನ್ನು ಬಾಯಲ್ಲಿ ಎರಡು ಸಲ ಹೇಳಿದ್ದೇನೆ. ಹಾಗಾಗಿ ಯಾವುದು ಮುಗಿಯಿತು, ಯಾವುದು ಮುಗಿದಿಲ್ಲ ಎಂದು ಈಗ ಬರೆದು ಕೊಡುತ್ತಿದ್ದೇನೆ.

ಮೊದಲು ಮುಗಿದದ್ದು. ಅಕ್ಟೋಬರ್ ತಿಂಗಳ ಸಂಬಳ ₹20,800. ಅದರಲ್ಲಿ ಪಿಎಫ್ ₹2,496, ಇಎಸ್‌ಐ ₹156 ಕಳೆದು ₹18,148 ಬಂದಿದೆ. ಉಳಿದಿದ್ದ 18 ದಿನದ ರಜೆಗೆ ದಿನಕ್ಕೆ ₹800ರಂತೆ ₹14,400 ಬಂದಿದೆ. ಇವೆರಡರಲ್ಲೂ ನನ್ನ ತಕರಾರಿಲ್ಲ. ಅಕ್ಟೋಬರ್ ಸಂಬಳ ಮತ್ತು ರಜೆ ಹಣದ ಬಗ್ಗೆ ಇನ್ನು ಮುಂದೆ ನಾನಾಗಲಿ, ನನ್ನ ವಾರಸುದಾರರಾಗಲಿ ಏನನ್ನೂ ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ಕಂಪನಿಗೆ ಪೂರ್ತಿ ಬಿಡುಗಡೆ.

ಉಳಿದ ₹1,01,500 ಗ್ರ್ಯಾಚುಟಿ ಬಾಬ್ತು ಬಂದದ್ದು. ನಿಮ್ಮ ಲೆಕ್ಕದ ಹಾಳೆಯಲ್ಲಿ ಗ್ರ್ಯಾಚುಟಿ ₹1,20,000 ಎಂದು ತೋರಿಸಿ, ಅದರ ಕೆಳಗೇ ‘ಟೂಲ್ ರಿಕವರಿ ₹18,500’ ಎಂದು ಕಳೆದಿದ್ದೀರಿ. ಈ ₹1,01,500 ಅನ್ನು ನಾನು ಬರಬೇಕಾದ ಗ್ರ್ಯಾಚುಟಿಯ ಒಂದು ಭಾಗ ಎಂದು ಮಾತ್ರ ಜಮಾ ಮಾಡಿಕೊಳ್ಳುತ್ತಿದ್ದೇನೆ. ಪೂರ್ತಿ ಬಂತು ಎಂದು ಒಪ್ಪಿಲ್ಲ.

ಈಗ ತಕರಾರುಗಳು. ಟೂಲ್ ರಿಕವರಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇದು ದುಡ್ಡಿನ ಮಾತಷ್ಟೇ ಅಲ್ಲ, ನನ್ನ ಹೆಸರಿನ ಮಾತು ಕೂಡ.

ನನ್ನ ಹೆಸರಿಗೆ ಇದ್ದದ್ದು ಒಂದು 0–25 ಎಂಎಂ ಡಿಜಿಟಲ್ ಮೈಕ್ರೋಮೀಟರ್, ಒಂದು ಬೋರ್ ಗೇಜ್ ಸೆಟ್. ಎರಡನ್ನೂ 29 ಅಕ್ಟೋಬರ್ ಮಧ್ಯಾಹ್ನ, ಮೊದಲ ಶಿಫ್ಟ್ ಬಿಡುವ ಹೊತ್ತಿಗೆ, ಟೂಲ್ ಸ್ಟೋರ್‌ಗೆ ಒಪ್ಪಿಸಿದ್ದೇನೆ. ಸ್ಟೋರ್‌ಕೀಪರ್ ಮೈಕ್ರೋಮೀಟರಿನ ಬಾಯಿ ಒರೆಸಿ, ಮುಚ್ಚಿ, ಝೀರೋ ಬರುತ್ತದಾ ಎಂದು ನೋಡಿದರು. ಬೋರ್ ಗೇಜಿನ ಪೆಟ್ಟಿಗೆ ತೆರೆದು ಒಂದೊಂದೇ ಆನ್ವಿಲ್ ಎಣಿಸಿದರು. ಆಮೇಲೆ ರಿಟರ್ನ್ ರಿಜಿಸ್ಟರಿನ 112ನೇ ಪುಟದಲ್ಲಿ ನನ್ನ ಟೋಕನ್ ನಂಬರಿನ ಎದುರು ಸಹಿ ಹಾಕಿದರು. ನೋ ಡ್ಯೂಸ್ ಚೀಟಿಯ ಟೂಲ್ ಸ್ಟೋರ್ ಕಾಲಮ್ಮಿನಲ್ಲೂ ‘ಬಾಕಿ ಇಲ್ಲ’ ಎಂದು ಬರೆದು, ಸೀಲು ಒತ್ತಿ, ತಾರೀಖು ಹಾಕಿದ್ದಾರೆ. ಆ ಚೀಟಿಯ ಗುಲಾಬಿ ಬಣ್ಣದ ಕಾರ್ಬನ್ ಪ್ರತಿ ನನ್ನ ಹತ್ತಿರ ಇದೆ. ಅದರ ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ.

ಸಾಮಾನು ಕಾಣೆಯಾಗಿದೆ ಎಂದು ನೀವು ಹೇಳುತ್ತಿರುವುದು ನನಗೆ ಗೊತ್ತಾದದ್ದು ಡಿಸೆಂಬರ್ 9ರಂದು, ಲೆಕ್ಕದ ಹಾಳೆ ಕೈಗೆ ಬಂದಾಗ. ಅದಕ್ಕೆ ಮೊದಲು ನೋಟಿಸ್ ಇಲ್ಲ, ಫೋನ್ ಇಲ್ಲ, ಕಾರಣ ಕೇಳಿದ್ದಿಲ್ಲ. 1936ರ ವೇತನ ಪಾವತಿ ಕಾಯ್ದೆಯ ಪ್ರಕಾರ, ನಂಬಿ ಒಪ್ಪಿಸಿದ ಸಾಮಾನು ಕಳೆದರೂ ಅದು ನೇರವಾಗಿ ಕೆಲಸಗಾರನ ಅಜಾಗರೂಕತೆಯಿಂದಲೇ ಆಗಿದ್ದರೆ ಮಾತ್ರ ಸಂಬಳದಲ್ಲಿ ಕಡಿತ ಮಾಡಬಹುದು. ಅದಕ್ಕೂ ಮೊದಲು ಅವನ ಮಾತು ಕೇಳಲೇಬೇಕು ಎಂದು 10ನೇ ಕಲಂ ಹೇಳುತ್ತದೆ. ಇಲ್ಲಿ ಕಡಿತ ಆಗಿರುವುದು ಸಂಬಳದಲ್ಲೂ ಅಲ್ಲ, ಗ್ರ್ಯಾಚುಟಿಯಲ್ಲಿ. 1972ರ ಗ್ರ್ಯಾಚುಟಿ ಪಾವತಿ ಕಾಯ್ದೆಯ 4(6)ನೇ ಕಲಮಿನಲ್ಲಿ ಹೇಳಿದ ಕಾರಣಗಳಿಗೆ ಕೆಲಸದಿಂದ ತೆಗೆದುಹಾಕಿದ್ದರೆ ಮಾತ್ರ ಗ್ರ್ಯಾಚುಟಿ ತಡೆಯಬಹುದು. ನನ್ನನ್ನು ಯಾರೂ ತೆಗೆದುಹಾಕಿಲ್ಲ. 1 ಅಕ್ಟೋಬರ್‌ಗೆ ನಾನೇ ರಾಜೀನಾಮೆ ಕೊಟ್ಟೆ, 4ನೇ ತಾರೀಖು ನೀವು ಅದನ್ನು ಒಪ್ಪಿ ಪತ್ರ ಕೊಟ್ಟಿರಿ. ಆದ್ದರಿಂದ ₹18,500 ಪೂರ್ತಿಯಾಗಿ ವಾಪಸ್ ಬರಬೇಕು. ಜೊತೆಗೆ, ನನ್ನಿಂದ ಟೂಲ್ ಕಳೆದಿದೆ ಎಂಬ ಮಾತು ನನ್ನ ದಾಖಲೆಯಲ್ಲಿ ಉಳಿಯಬಾರದು.

ಎರಡನೆಯದು, ಗ್ರ್ಯಾಚುಟಿಗೆ ಹಿಡಿದ ವರ್ಷಗಳು. ನೀವು 10 ವರ್ಷ ಎಂದು ಹಿಡಿದಿದ್ದೀರಿ, ಆಗಬೇಕಾದ್ದು 11. ಮೊದಲ ಒಂದು ವರ್ಷ ನಾನು ‘ಟ್ರೈನಿ’ ಆಗಿದ್ದೆ, ಅದು ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಮ್ಮ ಕಚೇರಿಯಲ್ಲಿ ಹೇಳಿದರು. ಕಾಯ್ದೆ ಹೊರಗಿಡುವುದು ಅಪ್ರೆಂಟಿಸ್‌ಗಳನ್ನು. ನನ್ನ ಹೆಸರಲ್ಲಿ ಅಪ್ರೆಂಟಿಸ್ ಒಪ್ಪಂದ ಯಾವತ್ತೂ ಆಗಿಲ್ಲ. ಆ ವರ್ಷವೂ ಮೂರು ಶಿಫ್ಟಿನಲ್ಲಿ ಎಲ್ಲರಂತೆ ಮಷೀನ್ ಓಡಿಸಿದ್ದೇನೆ, ಎಲ್ಲರಂತೆ ಪ್ರೊಡಕ್ಷನ್ ಕೊಟ್ಟಿದ್ದೇನೆ. ಜೂನ್ 2013ರಿಂದಲೇ ನನ್ನ ಸಂಬಳದಲ್ಲಿ ಪಿಎಫ್ ಹಿಡಿದಿದ್ದೀರಿ, ಆಗಿನ ಸಂಬಳದ ಚೀಟಿಗಳು ಇವೆ. ಪಿಎಫ್‌ಗೆ ನೌಕರ, ಗ್ರ್ಯಾಚುಟಿಗೆ ಅಲ್ಲ ಎಂದರೆ ಹೇಗೆ? ತಿಂಗಳ ಸಂಬಳ ₹20,800 ಅನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ ₹12,000. 11 ವರ್ಷಕ್ಕೆ ₹1,32,000. ಆಮೇಲಿನ ಸುಮಾರು ಐದು ತಿಂಗಳನ್ನು ನಾನು ಕೇಳುತ್ತಿಲ್ಲ, ಆರು ತಿಂಗಳು ದಾಟದೆ ಅದು ಇನ್ನೊಂದು ವರ್ಷ ಆಗುವುದಿಲ್ಲ ಎಂದು ನನಗೂ ಗೊತ್ತು. ವ್ಯತ್ಯಾಸ ₹12,000 ಬಾಕಿ ಇದೆ.

ಗ್ರ್ಯಾಚುಟಿ 30 ದಿನದೊಳಗೆ, ಅಂದರೆ ನವೆಂಬರ್ 30ರೊಳಗೆ ಬರಬೇಕಿತ್ತು. ಇವತ್ತು ಬಂದಿದೆ, ಅದೂ ಪೂರ್ತಿ ಅಲ್ಲ. ತಡವಾದದ್ದಕ್ಕೆ 7(3ಎ) ಕಲಮಿನ ಪ್ರಕಾರ ವರ್ಷಕ್ಕೆ ಶೇ 10ರ ಸರಳ ಬಡ್ಡಿಯನ್ನೂ ಕೇಳುವ ಹಕ್ಕು ನನಗಿದೆ, ಅದನ್ನೂ ಉಳಿಸಿಕೊಂಡಿದ್ದೇನೆ.

ಓವರ್‌ಟೈಮ್ ವಿಷಯ ಚಿಕ್ಕದು. ಜುಲೈಯಿಂದ ಸೆಪ್ಟೆಂಬರ್‌ವರೆಗೆ 46 ಗಂಟೆ ಓವರ್‌ಟೈಮ್ ಮಾಡಿದ್ದೇನೆ, ಪಂಚಿಂಗ್ ದಾಖಲೆಯಲ್ಲಿ ಇದೆ. ಕೊಟ್ಟದ್ದು ಗಂಟೆಗೆ ₹100, ಅಂದರೆ ಒಂದು ಪಟ್ಟು. ಕಾರ್ಖಾನೆಗಳ ಕಾಯ್ದೆ 1948ರ 59ನೇ ಕಲಂ ಎರಡು ಪಟ್ಟು ಕೊಡಬೇಕು ಎನ್ನುತ್ತದೆ. ₹4,600 ಬಾಕಿ.

ಹೀಗೆ ಇಂದಿಗೆ ತಕರಾರಿನಲ್ಲಿರುವ ಅಸಲು ಮೊತ್ತ ₹18,500, ₹12,000, ₹4,600 ಸೇರಿ ₹35,100. ಬಡ್ಡಿ ಬೇರೆ.

ಬೋನಸ್ ಬಗ್ಗೆಯೂ ಒಂದು ಮಾತು. ಏಪ್ರಿಲ್‌ನಿಂದ ಅಕ್ಟೋಬರ್ 2024ರವರೆಗಿನ ಬೋನಸ್ ಈ ಲೆಕ್ಕದಲ್ಲಿ ಇಲ್ಲ. ಅದಕ್ಕೆ ಇನ್ನೂ ಸಮಯ ಇದೆ, ಲೆಕ್ಕದ ವರ್ಷ ಮುಗಿದು ಎಂಟು ತಿಂಗಳೊಳಗೆ ಕೊಟ್ಟರೆ ಸಾಕು. ಈಗ ತಗಾದೆ ಮಾಡುತ್ತಿಲ್ಲ. ಆದರೆ ‘ಫುಲ್ ಅಂಡ್ ಫೈನಲ್ ಆಯಿತಲ್ಲ’ ಎಂದು ಆಮೇಲೆ ಅದನ್ನು ನಿಲ್ಲಿಸಬಾರದು. ಪಿಎಫ್ ಮತ್ತು ಪೆನ್ಶನ್ ಹಣಕ್ಕೂ ಈ ರಸೀದಿಗೂ ಸಂಬಂಧವಿಲ್ಲ. ನಾನು ಕೆಲಸ ಬಿಟ್ಟ ತಾರೀಖನ್ನು ಪಿಎಫ್ ಪೋರ್ಟಲಿನಲ್ಲಿ ಇನ್ನೂ ಹಾಕಿಲ್ಲ, ದಯವಿಟ್ಟು ಅದನ್ನು ಈ ವಾರ ಮಾಡಿಸಿ.

ಈಗ ನಿಮ್ಮ ಅಚ್ಚಿನ ಫಾರಂ ಬಗ್ಗೆ. ಅದರ 4ನೇ ಪ್ಯಾರಾದಲ್ಲಿ ‘ನನಗೆ ಬರಬೇಕಾದ ಎಲ್ಲ ಹಣ ಬಂದಿದೆ, ಇನ್ನು ಯಾವ ಬಾಕಿಯೂ ಇಲ್ಲ’ ಎಂದಿದೆ. 5ನೇ ಪ್ಯಾರಾದಲ್ಲಿ ‘ಯಾವ ಕಚೇರಿಯಲ್ಲಿಯೂ, ನ್ಯಾಯಾಲಯದಲ್ಲಿಯೂ ದೂರು ಕೊಡುವುದಿಲ್ಲ’ ಎಂದಿದೆ. ಅದಕ್ಕೆ ಸಹಿ ಹಾಕಿದರೆ ಮಾತ್ರ ಚೆಕ್ ಮತ್ತು ರಿಲೀವಿಂಗ್ ಲೆಟರ್ ಎಂದು ಡಿಸೆಂಬರ್ 9ರಂದೂ 12ರಂದೂ ನಿಮ್ಮ ಕಚೇರಿಯಲ್ಲಿ ಹೇಳಿದರು. ಆ ಎರಡು ಪ್ಯಾರಾ ನಿಜವಲ್ಲ, ನಿಜವಲ್ಲದ್ದಕ್ಕೆ ನಾನು ಸಹಿ ಹಾಕಲಾರೆ. ಇಂದು ನಿಮ್ಮ ಎದುರಿಗೇ ಅವೆರಡನ್ನೂ ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಕೆಳಗೆ ‘16 ಡಿಸೆಂಬರ್ 2024ರ ನನ್ನ ಪತ್ರಕ್ಕೆ ಒಳಪಟ್ಟು’ ಎಂದು ಬರೆದಿದ್ದೇನೆ. ಫಾರಂ ಮತ್ತು ಈ ಪತ್ರವನ್ನು ಒಟ್ಟಿಗೇ ಓದಬೇಕು. ಎರಡರ ನಡುವೆ ವ್ಯತ್ಯಾಸ ಬಂದರೆ ಈ ಪತ್ರದ ಮಾತೇ ನನ್ನ ಮಾತು.

ಇದರಿಂದ ಸಂಶಯ ಉಳಿಯದಿರಲಿ ಎಂದು ಹೇಳುತ್ತೇನೆ. ನಾನು ಚೆಕ್ ತೆಗೆದುಕೊಂಡದ್ದು, ಬ್ಯಾಂಕಿಗೆ ಹಾಕಿದ್ದು, ಹಣ ಖರ್ಚು ಮಾಡಿದ್ದು, ಇವು ಯಾವುವೂ ಮೇಲಿನ ಬಾಕಿಗಳನ್ನು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ನೀವು ಒಪ್ಪಿರುವ ಹಣ ಹೇಗೂ ಕೊಡಬೇಕಾದದ್ದು. ಅದನ್ನು ಪಡೆಯಬೇಕಾದರೆ ನೀವು ಒಪ್ಪದ ಹಣವನ್ನು ಬಿಡಬೇಕೆಂಬ ಷರತ್ತನ್ನು ನಾನು ಒಪ್ಪಿಲ್ಲ. ವೇತನ ಪಾವತಿ ಕಾಯ್ದೆ ಕೊಟ್ಟ ಹಕ್ಕನ್ನು ಕೆಲಸಗಾರ ಬರೆದುಕೊಟ್ಟು ಬಿಟ್ಟರೂ ಅದು ನಡೆಯುವುದಿಲ್ಲ ಎಂದು ಅದೇ ಕಾಯ್ದೆಯ 23ನೇ ಕಲಂ ಹೇಳುತ್ತದೆ. ಗ್ರ್ಯಾಚುಟಿಯ ಬಾಕಿಗೆ ನಿಯಂತ್ರಣ ಪ್ರಾಧಿಕಾರದ ಮುಂದೆ ಹೋಗುವ ಹಕ್ಕು, ಉಳಿದದ್ದಕ್ಕೆ ಕಾರ್ಮಿಕ ಇಲಾಖೆಗೆ ಹೋಗುವ ಹಕ್ಕು ನನ್ನ ಬಳಿಯೇ ಇವೆ.

ಅಲ್ಲಿಯವರೆಗೆ ಹೋಗಬೇಕೆಂಬ ಆಸೆ ನನಗಿಲ್ಲ. ಹನ್ನೊಂದು ವರ್ಷ ಈ ಶಾಪಿನಲ್ಲಿ ನಿಂತಿದ್ದೇನೆ, ಇಲ್ಲಿಯೇ ಕೆಲಸ ಕಲಿತಿದ್ದೇನೆ. 112ನೇ ಪುಟ ತೆಗೆದು ನೋಡಿದರೆ ದೊಡ್ಡ ತಕರಾರು ಐದು ನಿಮಿಷದಲ್ಲಿ ಮುಗಿಯುತ್ತದೆ. ಸ್ಟೋರ್‌ಕೀಪರನ್ನು ಕರೆಸಿ, ನನ್ನನ್ನೂ ಕರೆಯಿರಿ, ಎದುರಿಗೇ ಮಾತಾಡೋಣ. 31 ಡಿಸೆಂಬರ್ 2024ರೊಳಗೆ ಬಾಕಿ ಕೊಡಿ, ಇಲ್ಲವೇ ಯಾಕೆ ಕೊಡುವುದಿಲ್ಲ ಎಂದು ಬರೆದು ತಿಳಿಸಿ. ತಕರಾರಿನಲ್ಲಿ ಯಾವುದಾದರೂ ಬಾಬ್ತು ಆಮೇಲೆ ಇತ್ಯರ್ಥವಾದರೆ ಆ ಬಾಬ್ತಿಗೆ ಬೇರೆ ರಸೀದಿ ಕೊಡುತ್ತೇನೆ.

ರಿಲೀವಿಂಗ್ ಲೆಟರ್ ಮತ್ತು ಸೇವಾ ಪ್ರಮಾಣಪತ್ರ ಇಂದೇ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಅವು ಈ ಲೆಕ್ಕಕ್ಕೆ ಅಂಟಿದವಲ್ಲ. ಹೊಸ ಕೆಲಸದವರು ಅವನ್ನು ಕೇಳುತ್ತಿದ್ದಾರೆ.

ಪತ್ರದ ಜೊತೆ ಇಟ್ಟಿರುವುದು: ನೋ ಡ್ಯೂಸ್ ಚೀಟಿಯ ಜೆರಾಕ್ಸ್, ಜೂನ್ ಮತ್ತು ಜುಲೈ 2013ರ ಸಂಬಳದ ಚೀಟಿಗಳು, ರಾಜೀನಾಮೆ ಒಪ್ಪಿದ ಪತ್ರ, 9 ಡಿಸೆಂಬರ್‌ನ ಲೆಕ್ಕದ ಹಾಳೆ.

ಇಂತಿ ನಿಮ್ಮ ವಿಶ್ವಾಸಿ,

(ಸಹಿ)
ಟೋಕನ್ ಸಂಖ್ಯೆ 318
₹1,34,048 (ಒಂದು ಲಕ್ಷದ ಮೂವತ್ತನಾಲ್ಕು ಸಾವಿರದ ನಲವತ್ತೆಂಟು ರೂಪಾಯಿ ಮಾತ್ರ) ಪಡೆದಿದ್ದೇನೆ, ಮೇಲೆ ಹೇಳಿದ ಹಕ್ಕುಗಳನ್ನು ಉಳಿಸಿಕೊಂಡು.

ಸಾಕ್ಷಿ: (ಸಹಿ) ಟೋಕನ್ ಸಂಖ್ಯೆ 274, ಮಷೀನ್ ಶಾಪ್

ಕಚೇರಿ ಸ್ವೀಕೃತಿ: ಮೂಲ ಪತ್ರ ಮತ್ತು ನಾಲ್ಕು ಲಗತ್ತು ತಲುಪಿವೆ. ಅಚ್ಚಿನ ಫಾರಮ್ಮಿನ 4 ಮತ್ತು 5ನೇ ಪ್ಯಾರಾ ಹೊಡೆದುಹಾಕಿರುವುದನ್ನು ನೋಡಲಾಗಿದೆ.
(ಸಹಿ ಮತ್ತು ಸೀಲು) ಎಚ್‌ಆರ್ ವಿಭಾಗ, 16 ಡಿಸೆಂಬರ್ 2024, ಬೆಳಿಗ್ಗೆ 11.40